4 ಸಿಗುತ್ತೆ ಅಂದುಕೊಂಡವನಿಗೆ 3 ಬಂದಿದೆ, ಪತ್ರ ಹೇಗೆ ಬರೆಯೋದು?

ವಖಾರಿಯವ, ಶಿರಸಿ

ನಮ್ಮದು ಅಡಿಕೆ, ಕಾಳುಮೆಣಸು ಖರೀದಿ ಮಾಡಿ ಹೊರ ರಾಜ್ಯಕ್ಕೆ ಕಳಿಸುವ ಸಂಸ್ಥೆ. ವಖಾರಿ ವಿಭಾಗ ನನ್ನ ಕೈಯಲ್ಲಿದೆ. ಮಾರ್ಚ್ ಮುಗಿಯಿತು, ಈಗ ಅಪ್ರೈಸಲ್ ಸಮಯ. ನಮ್ಮಲ್ಲಿ 1ರಿಂದ 5ರವರೆಗೆ ರೇಟಿಂಗ್. ಮಾಲು ರವಾನೆ ಮತ್ತು ಸ್ಟಾಕ್ ಲೆಕ್ಕ ನೋಡಿಕೊಳ್ಳುವ ಹುಡುಗ ತನಗೆ ತಾನೇ 4 ಹಾಕಿಕೊಂಡಿದ್ದ. ನಾನೂ 4 ಅಂತಲೇ ಬರೆದು ಕಳಿಸಿದ್ದೆ. ಮೀಟಿಂಗಿನಲ್ಲಿ ಅದು 3 ಆಯ್ತು.

ಒಳ್ಳೆ ಕೆಲಸಗಾರ. ಜಾತ್ರೆ ವಾರದಲ್ಲಿ ಪೇಟೆಯೊಳಗೆ ಲಾರಿ ಬರೋ ಹಾಗಿರಲಿಲ್ಲ, ಆಗ ರಾತ್ರಿ ಲೋಡಿಂಗ್ ಮಾಡಿಸಿ ಒಂದು ಆರ್ಡರೂ ತಪ್ಪದಂತೆ ನೋಡಿಕೊಂಡ. ಅವನಿಗೆ ಬೇಜಾರಾಗಬಾರದು, ಆದರೆ ವಿಷಯ ಹೇಳಲೇಬೇಕು. ಈ ಪತ್ರ ಬರೆದಿದ್ದೇನೆ, ನೋಡಿ ಹೇಳಿ:

> ಈ ವರ್ಷ ನಿಮ್ಮ ಕೆಲಸ ತುಂಬಾ ಚೆನ್ನಾಗಿತ್ತು. ನೀವು ನಮ್ಮ ತಂಡಕ್ಕೆ ದೊಡ್ಡ ಬಲ. ಕೆಲವು ವಿಷಯಗಳಲ್ಲಿ ಇನ್ನೂ ಸುಧಾರಿಸಲು ಅವಕಾಶವಿದೆ. ಹೊಸ ಹುಡುಗರಿಗೆ ಕೆಲಸ ಕಲಿಸುವುದರಲ್ಲೂ ಸ್ವಲ್ಪ ಮುಂದೆ ಬರಬೇಕಿತ್ತು. ಮಳೆಗಾಲದಲ್ಲಿ ರಜೆಯೂ ಜಾಸ್ತಿ ಆಗಿತ್ತು. ಎಲ್ಲವನ್ನೂ ನೋಡಿ ಮ್ಯಾನೇಜ್‌ಮೆಂಟ್ ನಿಮ್ಮ ರೇಟಿಂಗ್ 3 ಎಂದು ನಿಗದಿ ಮಾಡಿದೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಮುಂದಿನ ವರ್ಷ ಖಂಡಿತ 4 ಬರುತ್ತದೆ.

ಅಘನಾಶಿನಿ

ಚೆನ್ನಾಗಿದೆ ಮಾರಾಯ್ರೆ. ಒಂದು ಸಲಹೆ. ಮೊದಲು ಹೊಗಳಿಕೆ, ಮಧ್ಯದಲ್ಲಿ ರೇಟಿಂಗ್, ಕೊನೆಗೆ ಮತ್ತೆ ಹೊಗಳಿಕೆ. ನಮ್ಮ ಕಂಪನಿ ಟ್ರೇನಿಂಗಿನಲ್ಲಿ ಹಾಗೇ ಹೇಳಿಕೊಟ್ಟಿದ್ದು. ನಿಮ್ಮದರಲ್ಲಿ ಕೊನೆಯ ಹೊಗಳಿಕೆ ಕಮ್ಮಿ ಆಯ್ತು. ಜಾತ್ರೆ ವಿಷಯ ಕೊನೆಗೆ ಹಾಕಿ.

ಇನ್ನೊಂದು, ಎದುರಿಗೆ ಕೂತು ಮಾತಾಡಿದರೆ ಸಾಕಲ್ವಾ? ಬರವಣಿಗೆಯಲ್ಲಿ ಕೊಟ್ಟರೆ ನಾಳೆ ಅದನ್ನೇ ಹಿಡ್ಕೊಂಡು ಬರ್ತಾರೆ.

ಕೂರ್ಮಗಡ, ಕಾರವಾರ

ನಾನು ಎಚ್‌ಆರ್ ಕೆಲಸದಲ್ಲೇ ಇರುವವಳು. ಮೊದಲು ಎದುರಿಗೆ ಮಾತಾಡಬೇಕು ಅನ್ನೋದು ಸರಿ. ಪತ್ರ ನೋಡಿ ರೇಟಿಂಗ್ ತಿಳಿಯೋ ಹಾಗೆ ಆಗಬಾರದು. ಆದರೆ ಮಾತಷ್ಟೇ ಸಾಲೋದಿಲ್ಲ. ನಿರಾಶೆಯಾದ ಹೊತ್ತಿನಲ್ಲಿ ಹೇಳಿದ್ದರಲ್ಲಿ ಅರ್ಧ ಕಿವಿಗೆ ಬೀಳೋದೇ ಇಲ್ಲ. "3 ಅಂದ್ರು" ಅನ್ನೋದು ನೆನಪಿರುತ್ತೆ, ಯಾಕೆ ಅಂದ್ರು ಅನ್ನೋದು ಮರೆತು ಹೋಗುತ್ತೆ. ಅದಕ್ಕೇ ಅದೇ ದಿನ ಸಂಜೆಯೊಳಗೆ ಪತ್ರ ಕೈಗೆ ಕೊಡಬೇಕು.

ಹೊಗಳಿಕೆ ನಡುವೆ ರೇಟಿಂಗ್ ಇಡೋದನ್ನು ನಾನು ಒಪ್ಪೋದಿಲ್ಲ. ಎರಡು ಥರ ಕೆಡುತ್ತೆ. ಕೆಲವರು ಹೊಗಳಿಕೆ ಓದಿ "ಎಲ್ಲ ಸರಿ ಇದೆ" ಅಂದುಕೊಂಡು ಹೋಗುತ್ತಾರೆ. ಉಳಿದವರು ಮುಂದೆ ನೀವು ಯಾವಾಗ ಹೊಗಳಿದರೂ "ಈಗ ಏನೋ ಕಾದಿದೆ" ಅಂತ ಹೆದರುತ್ತಾರೆ. ಜಾತ್ರೆ ವಾರದ ಕೆಲಸ ನಿಜವಾಗಿ ದೊಡ್ಡದು. ಅದನ್ನು ಪ್ಯಾಕಿಂಗ್ ಥರ ಬಳಸಬೇಡಿ.

ಪತ್ರ ತಿದ್ದುವ ಮೊದಲು ನನಗೆ ಮೂರು ವಿಷಯ ಗೊತ್ತಾಗಬೇಕು. 4 ಯಾಕೆ 3 ಆಯ್ತು, ಯಾವುದಾದರೂ ಕಾರಣ ಹೇಳಿದರಾ ಅಥವಾ "4 ಜಾಸ್ತಿ ಜನಕ್ಕೆ ಕೊಡೋಕಾಗಲ್ಲ" ಅಂದರಾ? ಆ ಕಾರಣವನ್ನು ವರ್ಷದ ನಡುವೆ ಅವನಿಗೆ ಹೇಳಿದ್ದೀರಾ? ಮತ್ತೆ, ಆ ರಜೆ ಮಂಜೂರಾದ ರಜೆಯೇ?

ಹೊಳೆಸಾಲು, ಹೊನ್ನಾವರ

ಪತ್ರ ಕೊಡೋಕೆ ಮೊದಲೇ ಚಹಾ ಅಂಗಡಿಯಲ್ಲಿ ಸುದ್ದಿ ಆಗಿರುತ್ತೆ ಬಿಡಿ. ಶಿರಸಿ ಎಷ್ಟು ದೊಡ್ಡ ಊರು? ಅವನ ಅಪ್ಪ, ನಿಮ್ಮ ಯಜಮಾನರು ಇಬ್ಬರೂ ಒಂದೇ ಸೊಸೈಟಿಯ ಮೆಂಬರ್ ಆಗಿದ್ದರೂ ಆಶ್ಚರ್ಯ ಇಲ್ಲ. ತಡ ಮಾಡಬೇಡಿ.

ವಖಾರಿಯವ, ಶಿರಸಿ

ಹೊಳೆಸಾಲು ಅವರೇ, ಅಪ್ಪ ಅಲ್ಲ, ಮಾವ. ಉಳಿದಿದ್ದು ನೀವು ಹೇಳಿದ ಹಾಗೇ!

ಮೇಡಂ, ಕಾರಣ ಹೇಳಿದ್ದಾರೆ. ತಿಂಗಳ ಕೊನೆಗೆ ವಖಾರಿಯ ಮಾಲು ಎಣಿಸಿ, ಬುಕ್ಕಿಗೆ ತಾಳೆ ನೋಡಿ, 3ನೇ ತಾರೀಖಿನ ಒಳಗೆ ಸ್ಟಾಕ್ ಸ್ಟೇಟ್‌ಮೆಂಟ್ ಅಕೌಂಟ್ಸಿಗೆ ಕೊಡಬೇಕು. ಅದು ಅವನದೇ ಜವಾಬ್ದಾರಿ. 12 ತಿಂಗಳಲ್ಲಿ 5 ಸಲ ತಡ ಆಗಿದೆ: ಜೂನ್, ಜುಲೈ, ಸೆಪ್ಟೆಂಬರ್, ಡಿಸೆಂಬರ್, ಜನವರಿ. ಡಿಸೆಂಬರಿನಲ್ಲಿ 6 ಚೀಲ ಚಾಲಿ ಬುಕ್ಕಿನಲ್ಲಿ ಕೆಂಪುಗೋಟು ಅಂತ ಹತ್ತಿತ್ತು. ಎರಡರ ದರಕ್ಕೂ ಇರುವ ಅಂತರ ಅಡಿಕೆಯವರಿಗೆ ಗೊತ್ತೇ ಇದೆ. ಮೀಟಿಂಗಿನಲ್ಲಿ ಜನರಲ್ ಮ್ಯಾನೇಜರ್ ನೇರವಾಗಿ ಕೇಳಿದರು: "ನಮ್ಮ ಹಾಳೆಯಲ್ಲಿ 4 ಅಂದರೆ ಮುಖ್ಯ ಜವಾಬ್ದಾರಿ ಯಾವುದೂ ಬಾಕಿ ಇರಬಾರದು ಅಂತಿದೆ. ಇದಕ್ಕೇನು ಹೇಳ್ತೀರಿ?" ಅದಕ್ಕೆ ಉತ್ತರ ಇರಲಿಲ್ಲ.

ಅಕ್ಟೋಬರಿನ ಅರ್ಧವಾರ್ಷಿಕ ಮಾತುಕತೆ ನಂತರ ಕಳಿಸಿದ ಮೇಲ್‌ನಲ್ಲಿ ಮೊದಲ ಮೂರು ತಿಂಗಳ ತಡ ಬರೆದಿದೆ. ಹೊಸ ಹುಡುಗರಿಗೆ ಕಲಿಸೋ ವಿಷಯ ಅದರಲ್ಲಿ ಇಲ್ಲ. ರಜೆ ಮಂಜೂರಾಗಿದ್ದೇ, ಅವನ ಅಮ್ಮನ ಆಪರೇಷನ್ ಇತ್ತು.

ಕೂರ್ಮಗಡ, ಕಾರವಾರ

ಹಾಗಾದರೆ ರಜೆಯ ಸಾಲು ಇವತ್ತೇ ಹೊಡೆದು ಹಾಕಿ. ಮಂಜೂರು ಮಾಡಿದ ರಜೆಯನ್ನು ರೇಟಿಂಗಿಗೆ ಕಾರಣ ಅಂತ ಬರೆದರೆ ನೀವೇ ಕೊಟ್ಟಿದ್ದನ್ನು ನೀವೇ ಅಪರಾಧ ಮಾಡಿದ ಹಾಗೆ. ಅದರಲ್ಲೂ ಅಮ್ಮನ ಆಪರೇಷನ್! ಆ ಒಂದು ಸಾಲು ಓದಿದ ಮೇಲೆ ಉಳಿದಿದ್ದು ಅವನ ಕಣ್ಣಿಗೆ ಕಾಣೋದೇ ಇಲ್ಲ.

ಹೊಸ ಹುಡುಗರಿಗೆ ಕಲಿಸೋ ಸಾಲೂ ಬೇಡ. ವರ್ಷದಲ್ಲಿ ಒಮ್ಮೆಯೂ ಹೇಳದ ಕಾರಣ ಅಪ್ರೈಸಲ್ ದಿನ ಹೊಸದಾಗಿ ಬರಬಾರದು. ಅದು ಮುಖ್ಯ ಅಂತ ನಿಮಗೆ ಅನಿಸಿದರೆ ಬರುವ ವರ್ಷದ ಗುರಿಯಲ್ಲಿ ಬರೆಯಿರಿ, ಕಳೆದ ವರ್ಷದ ಲೆಕ್ಕಕ್ಕೆ ತರಬೇಡಿ. ನಿಜವಾದ ಕಾರಣ ಒಂದೇ ಇದ್ದಾಗ ಜನ ಯಾಕೋ ಅದಕ್ಕೆ ಜೊತೆಗೆ ಎರಡು ಸಣ್ಣ ಕಾರಣ ಸೇರಿಸುತ್ತಾರೆ. ಓದುವವನು ಆ ಸಣ್ಣದನ್ನೇ ಹಿಡಿದು ವಾದ ಮಾಡುತ್ತಾನೆ, ಗೆಲ್ಲುತ್ತಾನೆ ಕೂಡ. ದೊಡ್ಡದು ಅಲ್ಲೇ ಉಳಿಯುತ್ತೆ.

ಈಗ ಒಂದು ಪ್ರಶ್ನೆ. ಸ್ಟೇಟ್‌ಮೆಂಟ್ ತಡ ಆದರೆ ಯಾರಿಗೆ ಏನು ತೊಂದರೆ? ಅವನಿಗೆ ಇದು ಗೊತ್ತಾ?

ವಖಾರಿಯವ, ಶಿರಸಿ

ನಮಗೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಇರೋದು ಮಾಲಿನ ಮೇಲೆ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಹೋದ ಮೇಲೆ ಎಷ್ಟು ಹಣ ತೆಗೆಯಬಹುದು ಅನ್ನೋ ಮಿತಿ ಬ್ಯಾಂಕಿನವರು ಹೊಸದಾಗಿ ಹಾಕುತ್ತಾರೆ. ಜನವರಿ ಹೊತ್ತಿಗೆ ಖರೀದಿ ಜೋರು, ರೈತರಿಗೆ ಹಣ ಕೊಡಬೇಕು. ಸ್ಟೇಟ್‌ಮೆಂಟ್ ತಡವಾದರೆ ವಖಾರಿ ತುಂಬ ಮಾಲಿದ್ದರೂ ಹಳೆ ಮಿತಿಯಲ್ಲೇ ಒದ್ದಾಡಬೇಕು. ಅಕೌಂಟ್ಸಿನವರು ಬಂದು ಕೂಗಾಡೋದು ಅದಕ್ಕೇ. ಅವನಿಗೆ ಇಷ್ಟೆಲ್ಲ ಬಿಡಿಸಿ ಯಾರೂ ಹೇಳಿರಲಿಕ್ಕಿಲ್ಲ. ಅವನ ಲೆಕ್ಕದಲ್ಲಿ ಅದು ಸುಮ್ನೆ ಒಂದು ಹಾಳೆ.

ಕೂರ್ಮಗಡ, ಕಾರವಾರ

ನಿಮ್ಮ ಪತ್ರದಲ್ಲಿ ಇರಬೇಕಾಗಿದ್ದು ಇದೇ ನೋಡಿ. "ಸುಧಾರಿಸಲು ಅವಕಾಶವಿದೆ" ಅಂದರೆ ಯಾರಿಗೂ ಏನೂ ಗೊತ್ತಾಗೋದಿಲ್ಲ. "ಜನವರಿಯಲ್ಲಿ ತಡ ಆಯ್ತು, ರೈತರಿಗೆ ಕೊಡುವ ಹಣಕ್ಕೆ ಪರದಾಟ ಆಯ್ತು" ಅಂದರೆ ಗೊತ್ತಾಗುತ್ತೆ.

ಗಂಗಾವಳಿ

ಇದೇ ವಿಷಯ ಅಂತ ಕೇಳ್ತಿದ್ದೇನೆ. ಕುಮಟಾ ಕಡೆಯ ಒಂದು ಖಾಸಗಿ ಕಡೆ ರಿಸೆಪ್ಷನ್ ಕೆಲಸ ನನ್ನದು. ನನಗೆ 2 ಕೊಟ್ಟು "ಮನೋಭಾವ ಸರಿಯಿಲ್ಲ" ಅಂತ ಒಂದೇ ಸಾಲು ಬರೆದಿದ್ದಾರೆ. ಯಾರ ಹತ್ತಿರ ಹೋಗಿ ಕೇಳೋದು?

ನಿವೃತ್ತ, ಅಂಕೋಲಾ

ತಂಗಿ, ಕೋರ್ಟೇ ಹೇಳಿದೆ. ನಾನು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಇದ್ದವನು. ಮೊದಲೆಲ್ಲ ಗೌಪ್ಯ ವರದಿ ಅಂತ ಇತ್ತು, ಸಾಹೇಬರು ಏನು ಬರೆದರು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ತೀರಾ ಕೆಟ್ಟದು ಬರೆದರೆ ಮಾತ್ರ ತಿಳಿಸುತ್ತಿದ್ದರು. 2008ರಲ್ಲಿ ದೇವ್ ದತ್ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅವರು ಗಡಿ ರಸ್ತೆ ಇಲಾಖೆಯ ಇಂಜಿನಿಯರ್. ಬಡ್ತಿಗೆ ಐದು ವರ್ಷ "ವೆರಿ ಗುಡ್" ಬೇಕಿತ್ತು, ಒಂದು ವರ್ಷ "ಗುಡ್" ಅಂತ ಬಂದಿತ್ತು. ಗುಡ್ ಅಂದರೆ ಕೆಟ್ಟದ್ದಲ್ಲವಲ್ಲ ಅಂತ ಅವರಿಗೆ ತಿಳಿಸಿಯೇ ಇರಲಿಲ್ಲ. ಬಡ್ತಿ ಹೋಯ್ತು. ಕೋರ್ಟ್ ಹೇಳಿತು, ಯಾವ ಶ್ರೇಣಿ ಆದರೂ ನೌಕರನಿಗೆ ತಿಳಿಸಬೇಕು, ಅವನು ಆಕ್ಷೇಪ ಹೇಳೋಕೆ ಅವಕಾಶ ಇರಬೇಕು ಅಂತ. ಆಮೇಲೆ 2009ರಲ್ಲಿ ಕೇಂದ್ರ ಸರ್ಕಾರವೇ ಆದೇಶ ಮಾಡಿ ಪೂರ್ತಿ ವರದಿ ತೋರಿಸೋಕೆ ಶುರು ಮಾಡಿತು, ಆಕ್ಷೇಪಕ್ಕೆ 15 ದಿನ. ಆದ್ದರಿಂದ ನೀವೂ ಬರೆದು ಕೊಡಿ, ಉತ್ತರ ಕೊಡಲೇಬೇಕು.

ಕೂರ್ಮಗಡ, ಕಾರವಾರ

ಅಂಕೋಲಾದವರು ಹೇಳಿದ ಕೇಸು ಸರಿ. ಆದರೆ ಅದು ಸರ್ಕಾರ, ಸಾರ್ವಜನಿಕ ಸಂಸ್ಥೆಗಳ ನೌಕರರಿಗೆ. ಖಾಸಗಿ ಕಂಪನಿಯ ಮೇಲೆ ಅದನ್ನು ಹಾಗೇ ಹೇರೋಕೆ ಬರೋದಿಲ್ಲ. ಅಲ್ಲಿ ನಿಮ್ಮ ನೇಮಕಾತಿ ಪತ್ರ, ಕಂಪನಿಯ ನಿಯಮ ಏನು ಹೇಳುತ್ತೆ ಅನ್ನೋದನ್ನೇ ನೋಡಬೇಕು.

ಗಂಗಾವಳಿ ಅವರೇ, ಮೇಲಿನವರನ್ನು ಒಂದೇ ವಿಷಯ ಕೇಳಿ, ಅದೂ ಮೇಲ್‌ನಲ್ಲಿ, ಜಗಳದ ದನಿ ಇಲ್ಲದೆ: "ಯಾವ ದಿನ, ಯಾವ ಸಂದರ್ಭದಲ್ಲಿ ನಾನು ನಡೆದುಕೊಂಡ ರೀತಿ ಸರಿ ಇರಲಿಲ್ಲ ಅಂತ ಒಂದೆರಡು ಉದಾಹರಣೆ ಕೊಟ್ಟರೆ ತಿದ್ದಿಕೊಳ್ಳಲು ಸಹಾಯ ಆಗುತ್ತದೆ." ಉದಾಹರಣೆ ಇದ್ದರೆ ಕೊಡುತ್ತಾರೆ. ಇಲ್ಲದಿದ್ದರೆ ಅದು ನಿಮಗೂ ತಿಳಿಯುತ್ತೆ, ಅವರಿಗೂ ತಿಳಿಯುತ್ತೆ.

ಆದರೂ ದೇವ್ ದತ್ ಕೇಸು ಇಲ್ಲಿಗೆ ಚೆನ್ನಾಗಿ ಹೊಂದುತ್ತೆ. 3 ಅನ್ನೋದು ಕೆಟ್ಟ ರೇಟಿಂಗ್ ಅಲ್ಲ, ಆದರೆ 4ರ ನಿರೀಕ್ಷೆಯಲ್ಲಿ ಇದ್ದವನಿಗೆ ಅದರಿಂದ ಇನ್‌ಕ್ರಿಮೆಂಟ್ ಕಮ್ಮಿ ಆಗುತ್ತೆ. "3 ಅಂದರೂ ಒಳ್ಳೆಯದೇ ಅಲ್ವಾ" ಅಂತ ಹಗುರ ಮಾಡಿ ಹೇಳಬೇಡಿ.

ಅಘನಾಶಿನಿ

ಸರಿ, ಹೊಗಳಿಕೆ ಮಧ್ಯೆ ಇಡೋದು ಬಿಟ್ಟೆ. ಆದರೆ "ಮ್ಯಾನೇಜ್‌ಮೆಂಟ್ ನಿಗದಿ ಮಾಡಿದೆ" ಅನ್ನೋದು ಇರಲಿ ಮೇಡಂ. ಇವರು 4 ಕೊಟ್ಟಿದ್ದು ಸತ್ಯ ತಾನೇ? ಇವರು ಯಾಕೆ ಕೆಟ್ಟವರಾಗಬೇಕು? ನಾಳೆ ಅದೇ ಹುಡುಗನ ಜೊತೆ ಕೆಲಸ ಮಾಡಬೇಕು.

ಕೂರ್ಮಗಡ, ಕಾರವಾರ

ನಾಳೆ ಅವನ ಜೊತೆ ಕೆಲಸ ಮಾಡಬೇಕು ಅಂತಲೇ ಆ ಸಾಲು ಬೇಡ ಅನ್ನೋದು. "ನಾನು ಕೊಟ್ಟಿದ್ದೆ, ಅವರು ಕಿತ್ತುಕೊಂಡರು" ಅಂದರೆ ಹುಡುಗನಿಗೆ ಎರಡು ವಿಷಯ ಕೇಳಿಸುತ್ತೆ. ನನ್ನ ಕೆಲಸದಲ್ಲಿ ತಪ್ಪಿಲ್ಲ, ಮೇಲಿನವರದ್ದೇ ತಪ್ಪು ಅನ್ನೋದು ಒಂದು. ನಮ್ಮ ಸಾಹೇಬರ ಮಾತು ಮೇಲೆ ನಡೆಯೋದಿಲ್ಲ ಅನ್ನೋದು ಇನ್ನೊಂದು. ಆಮೇಲೆ ಸ್ಟೇಟ್‌ಮೆಂಟ್ ಹೊತ್ತಿಗೆ ಸರಿಯಾಗಿ ಕೊಡು ಅಂತ ಯಾವ ಬಾಯಲ್ಲಿ ಹೇಳ್ತೀರಿ?

ಮೀಟಿಂಗಿನಲ್ಲಿ ಹೇಳಿದ ಕಾರಣ ವಖಾರಿಯವರಿಗೂ ಒಪ್ಪಿಗೆ ಆಗಿದ್ದರೆ ಅದನ್ನು ತಮ್ಮದೇ ಮಾತಲ್ಲಿ, ತಮ್ಮ ಸಹಿಯಲ್ಲಿ ಬರೆಯಬೇಕು. ಒಪ್ಪಿಗೆ ಇಲ್ಲದಿದ್ದರೆ ಪತ್ರ ಬರೆಯೋ ಮೊದಲು ಜನರಲ್ ಮ್ಯಾನೇಜರ್ ಹತ್ತಿರ ಮತ್ತೆ ಹೋಗಬೇಕಿತ್ತು. 4 ಇಷ್ಟೇ ಜನಕ್ಕೆ ಅಂತ ಮಿತಿ ಹಾಕಿ ಇಳಿಸಿದ್ದರೆ ಕಥೆ ಬೇರೆ. ಆಗ ಇಲ್ಲದ ತಪ್ಪು ಹುಡುಕಿ ಅವನ ತಲೆಗೆ ಕಟ್ಟಬಾರದು, ಹೋಲಿಕೆಯಲ್ಲಿ 3 ಬಂತು ಅಂತ ನೇರ ಹೇಳಬೇಕು. ಇಲ್ಲಿ ಹಾಗಾಗಿಲ್ಲ.

ನಿವೃತ್ತ, ಅಂಕೋಲಾ

ಅವನೇ ನೇರವಾಗಿ ಕೇಳಿದರೆ? "ಸಾರ್, ನೀವು ಎಷ್ಟು ಕೊಟ್ಟಿದ್ರಿ?" ಅಂತ ಕೇಳೇ ಕೇಳ್ತಾನೆ. ಆಗ ಸುಳ್ಳು ಹೇಳೋದಾ?

ಕೂರ್ಮಗಡ, ಕಾರವಾರ

ಸುಳ್ಳು ಬೇಡ. ಮೀಟಿಂಗಿನಲ್ಲಿ ಯಾರು ಎಷ್ಟು ಹೇಳಿದರು ಅನ್ನೋದನ್ನು ಹೊರಗೆ ಹೇಳೋದಿಲ್ಲ, ಕೊನೆಗೆ ತೀರ್ಮಾನ ಆದ 3ನ್ನು ನಾನು ಒಪ್ಪಿದ್ದೇನೆ, ಕಾರಣ ಇದು. ನಾನಾದರೆ ಇಷ್ಟು ಹೇಳುತ್ತೇನೆ. ನಿಮಗೆ ಅದು ಜಾರಿಕೊಂಡ ಹಾಗೆ ಕಾಣಬಹುದು.

ನಿವೃತ್ತ, ಅಂಕೋಲಾ

ಹೌದು, ಜಾರಿಕೊಂಡ ಹಾಗೇ ಕಾಣುತ್ತೆ.

ವಖಾರಿಯವ, ಶಿರಸಿ

ಕಾರಣ ನನಗೂ ಒಪ್ಪಿಗೆ ಇದೆ. ಇನ್ನು ಸಹಾಯ ಅಂತ ಏನು ಬರೆಯೋದು? "ನಮ್ಮ ಪೂರ್ಣ ಸಹಕಾರ ಇದೆ" ಅಂತ ಹಾಕಲಾ?

ಕೂರ್ಮಗಡ, ಕಾರವಾರ

ಅದು ಮದುವೆ ಮಂಟಪದ ಭಾಷಣ ಆಯ್ತು. ತಡ ಯಾಕೆ ಆಗುತ್ತೆ ಅಂತ ಹುಡುಕಿದ್ದೀರಾ? ಅವನು ಸೋಮಾರಿ ಅಲ್ಲ ಅಂತ ನೀವೇ ಹೇಳ್ತೀರಿ.

ವಖಾರಿಯವ, ಶಿರಸಿ

ತಿಂಗಳ ಕೊನೆಯ ಎರಡು ದಿನ ಲೋಡಿಂಗ್ ಜಾಸ್ತಿ. ಖರೀದಿದಾರರು ಬಿಲ್ ಆ ತಿಂಗಳಲ್ಲೇ ಬೇಕು ಅಂತ ಒತ್ತಾಯ ಮಾಡ್ತಾರೆ. ಮಾಲು ಎಣಿಸೋದೂ ಅವನೇ, ಲಾರಿ ತುಂಬಿಸೋದೂ ಅವನೇ. ಒಂದು ಕಡೆ ಚೀಲ ಎಣಿಸ್ತಾ ಇರುವಾಗಲೇ ಇನ್ನೊಂದು ಕಡೆಯಿಂದ ಚೀಲ ಹೊರಗೆ ಹೋಗ್ತಾ ಇರುತ್ತೆ. ಮತ್ತೆ ಮೊದಲಿಂದ ಎಣಿಸಬೇಕು. ಡಿಸೆಂಬರಿನಲ್ಲಿ ಕೆಂಪುಗೋಟು ಗೊಂದಲ ಆಗಿದ್ದೂ ಹಾಗೇ.

ಕೂರ್ಮಗಡ, ಕಾರವಾರ

ಹಾಗಾದರೆ "ಇನ್ನೂ ಹುಷಾರಾಗಿ ಮಾಡು" ಅಂದರೆ ಏನೂ ಬದಲಾಗೋದಿಲ್ಲ. ಕೊನೆಯ ದಿನ ಅರ್ಧ ಹೊತ್ತು ಲೋಡಿಂಗ್ ನಿಲ್ಲಿಸಬೇಕು, ಎಣಿಕೆಗೆ ಇನ್ನೊಬ್ಬರು ಬೇಕು. ಈ ಎರಡಕ್ಕೂ ಮೊದಲು ಮೇಲಿನವರ ಒಪ್ಪಿಗೆ ತಗೊಳ್ಳಿ. ಒಪ್ಪಿಗೆ ಸಿಗದ ಸಹಾಯವನ್ನು ಪತ್ರದಲ್ಲಿ ಬರೆಯಬೇಡಿ. "ಖಂಡಿತ 4" ಅನ್ನೋದನ್ನೂ ತೆಗೆಯಿರಿ. ಅದು ನಿಮ್ಮ ಒಬ್ಬರ ಕೈಯಲ್ಲಿ ಇಲ್ಲ ಅನ್ನೋದು ಈ ವರ್ಷವೇ ಗೊತ್ತಾಗಿದೆ.

"ಬೇಸರ ಮಾಡಿಕೊಳ್ಳಬೇಡಿ" ಅಂತಲೂ ಬೇಡ. ಬೇಸರ ಆಗೇ ಆಗುತ್ತೆ, ಆಗಲಿ.

ವಖಾರಿಯವ, ಶಿರಸಿ

ಜನರಲ್ ಮ್ಯಾನೇಜರ್ ಹತ್ತಿರ ಮಾತಾಡಿದೆ. ಕೊನೆಯ ದಿನ ಮಧ್ಯಾಹ್ನದ ನಂತರ ಲೋಡಿಂಗ್ ಇಲ್ಲ ಅನ್ನೋದಕ್ಕೆ ಒಪ್ಪಿದರು, ಮಾರ್ಚ್ ತಿಂಗಳೊಂದನ್ನು ಬಿಟ್ಟು. ಎಣಿಕೆಗೆ ಅಕೌಂಟ್ಸಿನಿಂದ ಒಬ್ಬರನ್ನು ಕೊಡುತ್ತಾರೆ. ಹೊಸ ಪತ್ರ ಇದು:

> ಇವತ್ತು ಬೆಳಿಗ್ಗೆ ಮಾತಾಡಿದ್ದನ್ನು ಬರೆದು ಕೊಡುತ್ತಿದ್ದೇನೆ. ಈ ವರ್ಷದ ನಿಮ್ಮ ರೇಟಿಂಗ್ 3. ನೀವು 4 ನಿರೀಕ್ಷೆ ಮಾಡಿದ್ದಿರಿ ಅಂತ ನನಗೆ ಗೊತ್ತು.
>
> ಕಾರಣ ಒಂದೇ, ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್. ಅದು 3ನೇ ತಾರೀಖಿನೊಳಗೆ ಅಕೌಂಟ್ಸಿಗೆ ಹೋಗಬೇಕು. ಜೂನ್, ಜುಲೈ, ಸೆಪ್ಟೆಂಬರ್ ತಿಂಗಳಲ್ಲಿ ತಡವಾಗಿದ್ದನ್ನು ಅಕ್ಟೋಬರಿನ ಮೇಲ್‌ನಲ್ಲಿ ಬರೆದಿದ್ದೆ. ಆಮೇಲೆ ಡಿಸೆಂಬರ್, ಜನವರಿಯಲ್ಲೂ ತಡವಾಯಿತು. ಡಿಸೆಂಬರಿನಲ್ಲಿ 6 ಚೀಲ ಚಾಲಿ ಕೆಂಪುಗೋಟು ಎಂದು ದಾಖಲಾಗಿತ್ತು. ಸ್ಟೇಟ್‌ಮೆಂಟ್ ತಡವಾದರೆ ಬ್ಯಾಂಕಿನ ಮಿತಿ ಹಳೆಯದೇ ಉಳಿಯುತ್ತದೆ, ಖರೀದಿ ಜೋರಿರುವಾಗ ರೈತರಿಗೆ ಹಣ ಕೊಡುವುದು ಕಷ್ಟವಾಗುತ್ತದೆ. ನಮ್ಮ ನಿಯಮದಲ್ಲಿ 4 ಬರಲು ಮುಖ್ಯ ಜವಾಬ್ದಾರಿ ಯಾವುದೂ ಬಾಕಿ ಇರಬಾರದು.
>
> ಫೆಬ್ರವರಿ, ಮಾರ್ಚ್ ಎರಡೂ ಸ್ಟೇಟ್‌ಮೆಂಟ್ ಹೊತ್ತಿಗೆ ಸರಿಯಾಗಿ ಬಂದಿವೆ. ಜಾತ್ರೆ ವಾರದಲ್ಲಿ ರಾತ್ರಿ ಲೋಡಿಂಗ್ ಏರ್ಪಾಡು ಮಾಡಿ ಎಲ್ಲ ಆರ್ಡರ್ ಕಳಿಸಿದ್ದು ನಿಮ್ಮ ಯೋಜನೆಯಿಂದ. ಎರಡನ್ನೂ ಅಪ್ರೈಸಲ್ ಹಾಳೆಯಲ್ಲಿ ಬರೆದಿದ್ದೇನೆ.
>
> ಕೊನೆಯ ದಿನ ಲೋಡಿಂಗ್ ಮತ್ತು ಎಣಿಕೆ ಒಟ್ಟಿಗೆ ಬೀಳುವುದೇ ಮುಖ್ಯ ತೊಂದರೆ ಎಂದು ನೀವು ಹೇಳಿದ್ದು ಸರಿ. ಈ ತಿಂಗಳಿಂದ ತಿಂಗಳ ಕೊನೆಯ ದಿನ ಮಧ್ಯಾಹ್ನದ ನಂತರ ಲೋಡಿಂಗ್ ಇರುವುದಿಲ್ಲ (ಮಾರ್ಚ್ ಬಿಟ್ಟು). ಎಣಿಕೆಗೆ ಅಕೌಂಟ್ಸಿನಿಂದ ಒಬ್ಬರು ಬರುತ್ತಾರೆ. 25ನೇ ತಾರೀಖಿಗೆ ನಾವಿಬ್ಬರೂ ಒಮ್ಮೆ ಬುಕ್ ನೋಡೋಣ.
>
> ಸ್ಟೇಟ್‌ಮೆಂಟ್ ವರ್ಷವಿಡೀ ಹೊತ್ತಿಗೆ ಬಂದು, ಉಳಿದ ಕೆಲಸ ಈಗಿನಂತೆಯೇ ಇದ್ದರೆ ನಾನು 4ಕ್ಕೆ ಶಿಫಾರಸು ಮಾಡುತ್ತೇನೆ. ಕೊನೆಯ ತೀರ್ಮಾನ ಮೀಟಿಂಗಿನದು. ಇನ್‌ಕ್ರಿಮೆಂಟ್ ಪತ್ರ ಬೇರೆ ಬರುತ್ತದೆ, ಅದು 3ರ ಪ್ರಕಾರ ಇರುತ್ತದೆ.
>
> ಇದರಲ್ಲಿ ಏನಾದರೂ ತಪ್ಪಿದೆ ಅನಿಸಿದರೆ ಬರೆದು ಕೊಡಿ, ಹಾಳೆಯ ಜೊತೆ ಸೇರಿಸುತ್ತೇನೆ.

ಅಘನಾಶಿನಿ

ಇದು ಮೊದಲಿನದ್ದಕ್ಕಿಂತ ಉದ್ದ ಆಯ್ತು, ಆದರೆ ಓದಿದರೆ ಬೇಜಾರು ಕಮ್ಮಿ ಅನಿಸುತ್ತೆ. ಯಾಕೋ ಗೊತ್ತಿಲ್ಲ. ಇನ್‌ಕ್ರಿಮೆಂಟ್ ಸಾಲು ಮಾತ್ರ ಚುಚ್ಚುತ್ತೆ. ತೆಗೆಯಬಹುದಲ್ವಾ?

ಹೊಳೆಸಾಲು, ಹೊನ್ನಾವರ

ಆ ಸಾಲು ಇರಲಿ. ಅವನಿಗೆ ಮೊದಲು ಬರೋ ಯೋಚನೆಯೇ ಅದು. ಹದಿನೈದು ದಿನ ಬಿಟ್ಟು ಇನ್ನೊಂದು ಪತ್ರದಲ್ಲಿ ಗೊತ್ತಾದರೆ ಎರಡು ಸಲ ಪೆಟ್ಟು.

ಕೂರ್ಮಗಡ, ಕಾರವಾರ

ಇರಲಿ. ಒಂದು ಕಡೆ ಮಾತ್ರ ಎಚ್ಚರ. "ಎಂದು ನೀವು ಹೇಳಿದ್ದು ಸರಿ" ಅಂತ ಬರೆದಿದ್ದೀರಿ, ಅವನು ಇನ್ನೂ ಹೇಳಿಲ್ಲ! ಬೆಳಿಗ್ಗೆ ಕೂತಾಗ ತಡ ಯಾಕೆ ಆಗುತ್ತೆ ಅಂತ ಮೊದಲು ಅವನನ್ನೇ ಕೇಳಿ. ಬೇರೆ ಕಾರಣ ಹೇಳಿದರೆ ಆ ಪ್ಯಾರಾ ಬದಲಿಸಿ. ರೇಟಿಂಗ್ ಮಾತ್ರ ಕೂತ ಕೂಡಲೇ ಹೇಳಿಬಿಡಿ. ಆಮೇಲೆ ಸ್ವಲ್ಪ ಹೊತ್ತು ನೀವು ಸುಮ್ಮನಿರಿ. ಆ ಮೌನ ತುಂಬೋಕೆ ಅಂತಲೇ ಜನ "ಖಂಡಿತ 4" ಅಂದುಬಿಡೋದು. ಶನಿವಾರ ಸಂಜೆ ಬೇಡ, ವಾಟ್ಸ್ಆ್ಯಪ್ ಅಂತೂ ಬೇಡವೇ ಬೇಡ.

ವಖಾರಿಯವ, ಶಿರಸಿ

ಮಂಗಳವಾರ ಬೆಳಿಗ್ಗೆ ಮಾತಾಡಿದೆ, ಸಂಜೆ ಪತ್ರ ಕೊಟ್ಟೆ. ಲೋಡಿಂಗ್ ವಿಷಯ ಅವನೇ ಹೇಳಿದ. ಜೊತೆಗೆ ನನಗೆ ಗೊತ್ತಿಲ್ಲದ ಇನ್ನೊಂದು ಹೇಳಿದ. ವಾಪಸ್ ಬಂದ ಮಾಲಿನ ಚೀಟಿ ಗೇಟಿನಿಂದ ಅವನ ಟೇಬಲ್ಲಿಗೆ ಬರೋದೇ ಎರಡು ದಿನ ತಡವಂತೆ. ಅದನ್ನೂ ಪತ್ರದಲ್ಲಿ ಸೇರಿಸಿದೆ. ಗೇಟಿನ ಚೀಟಿ ಅದೇ ದಿನ ಬರೋ ಏರ್ಪಾಡು ನನ್ನ ಜವಾಬ್ದಾರಿ ಅಂತ ಬರೆದೆ.

ಬ್ಯಾಂಕ್ ಮಿತಿಯ ಕಥೆ ಕೇಳಿ "ಇದು ನಂಗೆ ಯಾರೂ ಹೇಳೇ ಇಲ್ಲ ಸಾರ್" ಅಂದ. ನೀವು ಎಷ್ಟು ಕೊಟ್ಟಿದ್ರಿ ಅಂತ ಕೇಳಲಿಲ್ಲ, ಅಂಕೋಲಾದವರೇ. ಆದರೆ ಎರಡು ದಿನ ಬಿಟ್ಟು ಒಂದು ಪುಟ ಬರೆದು ತಂದಿದ್ದಾನೆ. ಸೆಪ್ಟೆಂಬರಿನ ತಡ ತನ್ನದಲ್ಲ, ಆ ವಾರ ಸಿಸ್ಟಮ್ ಕೆಟ್ಟಿತ್ತು, ಅದನ್ನು ತೆಗೆದರೆ 4ಕ್ಕೆ ಮತ್ತೆ ನೋಡಬೇಕು ಅಂತ. ಸಿಸ್ಟಮ್ ಕೆಟ್ಟಿದ್ದು ನಿಜವೇ. ಜನರಲ್ ಮ್ಯಾನೇಜರ್ ಆ ಪುಟವನ್ನು ಫೈಲಿಗೆ ಹಾಕೋದು ಬೇಡ ಅಂತಿದ್ದಾರೆ.

ಕೂರ್ಮಗಡ, ಕಾರವಾರ

ಫೈಲಿಗೆ ಹಾಕಲೇಬೇಕು, ಸೇರಿಸುತ್ತೇನೆ ಅಂತ ನಿಮ್ಮ ಪತ್ರದಲ್ಲೇ ಬರೆದಿದ್ದೀರಿ. ಸೆಪ್ಟೆಂಬರ್ ಅವನದಲ್ಲ ಅಂತಾದರೆ ಪಟ್ಟಿಯಿಂದ ತೆಗೆದು ತಿದ್ದಿದ ಪ್ರತಿ ಕೊಡಿ. ಉಳಿದ 4 ತಿಂಗಳಿಗೂ ರೇಟಿಂಗ್ 3ರಲ್ಲೇ ನಿಲ್ಲುತ್ತಾ ಅನ್ನೋದನ್ನು ಜನರಲ್ ಮ್ಯಾನೇಜರ್ ಬರೆದು ಹೇಳಬೇಕು, ನೀವಲ್ಲ.

ನಿವೃತ್ತ, ಅಂಕೋಲಾ

ನಮ್ಮಲ್ಲಾಗಿದ್ದರೆ 15 ದಿನದೊಳಗೆ ಕೊಟ್ಟ ಆಕ್ಷೇಪ ಅಂತ ಸೀಲ್ ಹೊಡೆದು ತಗೋತಿದ್ದರು. ನಿಮ್ಮ ಖಾಸಗಿಯವರಿಗೆ ಸೀಲ್ ಕಂಡರೇ ಭಯ.

ಗಂಗಾವಳಿ

ಕೂರ್ಮಗಡ ಮೇಡಂ, ನೀವು ಹೇಳಿದ ಹಾಗೆ ಮೇಲ್ ಹಾಕಿದೆ. ಉತ್ತರ ಇನ್ನೂ ಬಂದಿಲ್ಲ. ಎಷ್ಟು ದಿನ ಕಾಯೋದು?